ಮೀಟರ್ 170 ತೋರಿಸುತ್ತಿದ್ದರೂ ರಕ್ತದಲ್ಲಿ ಕೀಟೋನ್ ಏರಿದ್ದು ಹೇಗೆ?

ಪ್ರಶ್ನೆ: ಅಮ್ಮನಿಗೆ 58 ವರ್ಷ, ತೂಕ 47 ಕೆ.ಜಿ. ಹನ್ನೆರಡು ವರ್ಷದಿಂದ ಶುಗರ್ ಇದೆ. ಆರು ತಿಂಗಳ ಹಿಂದೆ ಮೆಟ್‌ಫಾರ್ಮಿನ್ ಜೊತೆಗೆ ಡಾಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ ಶುರುವಾಯಿತು. ಶುಗರ್ ಚೆನ್ನಾಗಿ ಇಳಿಯಿತೆಂದು ರಾತ್ರಿಯ 14 ಯೂನಿಟ್ ಇನ್ಸುಲಿನ್ ನಿಲ್ಲಿಸಿದೆವು. ಬಿ.ಪಿ.ಗೆ ಟೆಲ್ಮಿಸಾರ್ಟಾನ್-ಎಚ್ ಇದೆ. ಈ ನಡುವೆ ಎರಡು ಸಲ ಕೆಳಗೆ ತುರಿಕೆ ಆಗಿ, ಮೆಡಿಕಲ್ ಶಾಪಿನ ಕ್ರೀಮ್ ಹಚ್ಚಿಕೊಂಡರು. ಕಳೆದ ತಿಂಗಳು ವಾಂತಿ-ಭೇದಿಯಾಗಿ ಎರಡು ದಿನ ಏನೂ ತಿನ್ನಲಿಲ್ಲ, ಮಾತ್ರೆ ಮಾತ್ರ ತಪ್ಪಿಸಲಿಲ್ಲ. ಮೀಟರ್‌ನಲ್ಲಿ 170 ಇತ್ತು, ಹಾಗಾಗಿ ನಾವು ಗಾಬರಿ ಆಗಲಿಲ್ಲ. ಮೂರನೇ ದಿನ ಏದುಸಿರು ಬಂತು. ಕೀಟೋನ್ ಹೆಚ್ಚಾಗಿದೆ ಎಂದು ಐಸಿಯುಗೆ ಸೇರಿಸಿಕೊಂಡರು. ಈಗ ಮನೆಗೆ ಬಂದಿದ್ದಾರೆ, ಮತ್ತೆ ಇನ್ಸುಲಿನ್ ಶುರುವಾಗಿದೆ. 170 ಇದ್ದರೂ ಹೀಗೇಕಾಯಿತು? ಆ ಮಾತ್ರೆ ಮತ್ತೆ ಕೊಡಬಹುದೇ? ಅಪ್ಪನಿಗೆ ಶುಗರ್ ಇಲ್ಲ, ಆದರೆ ಹಾರ್ಟ್ ಪಂಪಿಂಗ್ ಕಮ್ಮಿ ಎಂದು ಅದೇ ಮಾತ್ರೆ ಕೊಟ್ಟಿದ್ದಾರೆ. ಅದನ್ನೂ ನಿಲ್ಲಿಸಬೇಕೇ?

ಉತ್ತರ: ಅಮ್ಮನಿಗೆ ಈ ಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಇನ್ನು ಬೇಡ. ಡಾಪಾಗ್ಲಿಫ್ಲೋಜಿನ್ ಬದಲು ಎಂಪಾಗ್ಲಿಫ್ಲೋಜಿನ್, ಕ್ಯಾನಾಗ್ಲಿಫ್ಲೋಜಿನ್, ರೆಮೋಗ್ಲಿಫ್ಲೋಜಿನ್ ಎಂದು ಹೆಸರು ಬದಲಾದರೂ ಅದೇ ಮಾತು, ಏಕೆಂದರೆ ಎಲ್ಲವೂ ಒಂದೇ ರೀತಿ ಕೆಲಸ ಮಾಡುತ್ತವೆ. ಅಪ್ಪನ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಅವರಿಗೆ ಅದು ಹೃದಯದ ಔಷಧಿ. ಶುಗರ್ ಇಲ್ಲದವರಲ್ಲಿ ಕೀಟೋನ್ ತೊಂದರೆ ತೀರಾ ಅಪರೂಪ. ಅವರ ವಿಷಯದಲ್ಲಿ ಎಚ್ಚರ ಬೇಕಾದದ್ದು ಬೇರೆ ಕಡೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಈ ಮಾತ್ರೆ ಕೆಲಸ ಮಾಡುವುದು ಕಿಡ್ನಿಯಲ್ಲಿ. ಆರೋಗ್ಯವಂತರ ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತದೆ. ರಕ್ತದಲ್ಲಿ ಗ್ಲೂಕೋಸ್ 100 ಮಿ.ಗ್ರಾಂ ಇದ್ದರೆ ಆ ದ್ರವದಲ್ಲಿ ಸುಮಾರು 180 ಗ್ರಾಂ ಗ್ಲೂಕೋಸ್ ಇರುತ್ತದೆ. ಕಿಡ್ನಿ ಅಷ್ಟನ್ನೂ ವಾಪಸ್ ಹೀರಿಕೊಂಡು ರಕ್ತಕ್ಕೆ ಕೊಡುತ್ತದೆ. ಹೀಗೆ ವಾಪಸ್ ಹೀರುವ ಮುಖ್ಯ ದಾರಿಯನ್ನು ಗ್ಲಿಫ್ಲೋಜಿನ್ ಮುಚ್ಚಿಬಿಡುತ್ತದೆ. ಆಗ ಶುಗರ್ ಇರುವವರ ಮೂತ್ರದಲ್ಲಿ ದಿನಕ್ಕೆ ಸಾಮಾನ್ಯವಾಗಿ 60ರಿಂದ 80 ಗ್ರಾಂ ಗ್ಲೂಕೋಸ್ ಹೊರಗೆ ಹೋಗುತ್ತದೆ, ಅಂದರೆ ಸುಮಾರು 250ರಿಂದ 300 ಕ್ಯಾಲೊರಿ. ಗ್ಲೂಕೋಸ್ ತನ್ನ ಜೊತೆಗೆ ನೀರು ಮತ್ತು ಸ್ವಲ್ಪ ಉಪ್ಪನ್ನೂ ಎಳೆದುಕೊಂಡು ಹೋಗುತ್ತದೆ. ಶುಗರ್ ಇಳಿಯುವುದು, ತೂಕ ಎರಡು-ಮೂರು ಕೆ.ಜಿ. ಕಡಿಮೆಯಾಗುವುದು, ಬಿ.ಪಿ. ತುಸು ಇಳಿಯುವುದು ಎಲ್ಲ ಇದರಿಂದಲೇ. ತುರಿಕೆ, ನಿರ್ಜಲೀಕರಣ, ಕೀಟೋನ್ ಈ ಮೂರು ತೊಂದರೆಗಳ ಬೇರೂ ಇಲ್ಲೇ ಇದೆ. ಈ ಮಾತ್ರೆ ತೆಗೆದುಕೊಳ್ಳುತ್ತಿರುವವರ ಮೂತ್ರ ಪರೀಕ್ಷೆಯಲ್ಲಿ ಶುಗರ್ ನಾಲ್ಕು ಪ್ಲಸ್ ಬಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಆ ರಿಪೋರ್ಟ್ ನೋಡಿ ಶುಗರ್ ಏರಿದೆ ಎಂದು ಭಾವಿಸಬಾರದು.

ಈಗ 170ರ ವಿಷಯ. ಸಾಮಾನ್ಯವಾಗಿ ಕೀಟೋಅಸಿಡೋಸಿಸ್, ಅಂದರೆ ಕೀಟೋನ್ ಮಿತಿ ಮೀರಿ ರಕ್ತ ಆಮ್ಲೀಯವಾಗುವ ತೊಂದರೆ, ಆದವರ ಶುಗರ್ 300, 400, 500 ಎಂದು ಏರಿರುತ್ತದೆ, ಮೀಟರ್ ನೋಡಿದ ಕೂಡಲೇ ಎಲ್ಲರೂ ಎಚ್ಚೆತ್ತುಕೊಳ್ಳುತ್ತಾರೆ. ಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಲ್ಲಿ ರಕ್ತದ ಗ್ಲೂಕೋಸ್ ಏರಿದಷ್ಟೂ ಮೂತ್ರದಲ್ಲಿ ಸುರಿದುಹೋಗುತ್ತದೆ. ಹಾಗಾಗಿ ಸಂಖ್ಯೆ 250ರ ಕೆಳಗೇ, ಎಷ್ಟೋ ಸಲ 200ರ ಕೆಳಗೇ ನಿಲ್ಲುತ್ತದೆ. ಆದರೆ ಕೀಟೋನ್ ಹುಟ್ಟುವುದು ಗ್ಲೂಕೋಸ್ ಹೆಚ್ಚಾಗಿದ್ದರಿಂದಲ್ಲ, ಇನ್ಸುಲಿನ್ ಸಾಲದೆ ಹೋದದ್ದರಿಂದ. ಇನ್ಸುಲಿನ್ ಕಡಿಮೆಯಾದಾಗ ದೇಹದ ಕೊಬ್ಬು ಕರಗಿ ಲಿವರ್‌ಗೆ ಹರಿಯುತ್ತದೆ, ಲಿವರ್ ಅದನ್ನು ಕೀಟೋನ್ ಆಗಿ ಮಾರ್ಪಡಿಸುತ್ತದೆ. ಕೀಟೋನ್‌ಗಳು ಆಮ್ಲ. ಸ್ವಲ್ಪವಿದ್ದರೆ ದೇಹ ಬಳಸಿಕೊಳ್ಳುತ್ತದೆ, ಮಿತಿ ಮೀರಿದರೆ ರಕ್ತದ ಆಮ್ಲೀಯತೆ ಏರುತ್ತದೆ. ಆ ಆಮ್ಲವನ್ನು ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರಹಾಕಲು ದೇಹ ಜೋರಾಗಿ, ಆಳವಾಗಿ ಉಸಿರಾಡತೊಡಗುತ್ತದೆ. ಅಮ್ಮನಿಗೆ ಬಂದ ಏದುಸಿರು ಅದೇ. ಅದು ಎದೆಯ ಕಾಯಿಲೆಯಲ್ಲ.

ಈ ಮಾತ್ರೆ ಇನ್ಸುಲಿನ್ ಸಮತೋಲವನ್ನು ಸದ್ದಿಲ್ಲದೆ ಕೀಟೋನ್ ಕಡೆಗೆ ವಾಲಿಸುತ್ತದೆ. ರಕ್ತದ ಗ್ಲೂಕೋಸ್ ಇಳಿದಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವುದನ್ನು ಕಡಿಮೆ ಮಾಡುತ್ತದೆ, ಅದಕ್ಕೆ ವಿರುದ್ಧವಾದ ಗ್ಲುಕಗಾನ್ ಏರುತ್ತದೆ. ದಿನಾ ಮೂರು ಹೊತ್ತು ಉಣ್ಣುವ, ಸ್ವಂತ ಇನ್ಸುಲಿನ್ ಸಾಕಷ್ಟು ಇರುವ ಟೈಪ್ 2 ರೋಗಿಗೆ ಇದರಿಂದ ಏನೂ ಆಗದು. ಅವರಲ್ಲಿ ಕೀಟೋಅಸಿಡೋಸಿಸ್ ವರ್ಷಕ್ಕೆ ಸಾವಿರಕ್ಕೆ ಒಬ್ಬರ ಆಸುಪಾಸು ಮಾತ್ರ. ಅಮೆರಿಕದ ಎಫ್‌ಡಿಎ ಈ ಬಗ್ಗೆ ಮೊದಲ ಎಚ್ಚರಿಕೆ ಕೊಟ್ಟದ್ದು 2015ರಲ್ಲಿ. ಅಂದಿನಿಂದ ವರದಿಯಾಗುತ್ತಿರುವ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ಕಾರಣಗಳು ಕೆಲವೇ. ನಿಮ್ಮ ಅಮ್ಮನಲ್ಲಿ ಅವುಗಳಲ್ಲಿ ನಾಲ್ಕು ಒಟ್ಟಿಗೆ ಬಂದಿದ್ದವು.

ಮೊದಲನೆಯದು ಅವರ ಮೈಕಟ್ಟು. ಹನ್ನೆರಡು ವರ್ಷದ ಶುಗರ್, 47 ಕೆ.ಜಿ. ತೂಕ, ಇನ್ಸುಲಿನ್ ಬೇಕಾಗಿದ್ದ ದೇಹ: ಇಂಥವರಲ್ಲಿ ಸ್ವಂತ ಇನ್ಸುಲಿನ್ ತಳ ಕಂಡಿರುವುದು ಸಾಮಾನ್ಯ. ಎರಡನೆಯದು, ಮೀಟರ್‌ನ ಸಂಖ್ಯೆ ಚೆನ್ನಾಗಿದೆ ಎಂದು ರಾತ್ರಿಯ 14 ಯೂನಿಟ್ ಪೂರ್ತಿ ನಿಲ್ಲಿಸಿದ್ದು. ನಡೆದದ್ದರಲ್ಲಿ ಅತಿ ಮುಖ್ಯವಾದ ತಿರುವು ಇದೇ ಎನ್ನುವುದು ನನ್ನ ಅಭಿಪ್ರಾಯ. ಗ್ಲಿಫ್ಲೋಜಿನ್ ಗ್ಲೂಕೋಸನ್ನು ಮೂತ್ರಕ್ಕೆ ಹಾಕಿ ಸಂಖ್ಯೆಯನ್ನು ಇಳಿಸುತ್ತದೆ, ಆದರೆ ಕೊಬ್ಬು ಕರಗದಂತೆ ತಡೆಯುವ ಇನ್ಸುಲಿನ್‌ನ ಕೆಲಸವನ್ನು ಅದು ಮಾಡುವುದಿಲ್ಲ. ಈ ಮಾತ್ರೆ ಶುರುವಾದಾಗ ಇನ್ಸುಲಿನ್ ತಗ್ಗಿಸುವುದಿದ್ದರೆ ವೈದ್ಯರು ಹತ್ತು-ಇಪ್ಪತ್ತು ಶೇಕಡಾ ತಗ್ಗಿಸುತ್ತಾರೆ, ಅದೂ ಶುಗರ್ ತೀರಾ ಇಳಿಯುವ ಭಯವಿದ್ದರೆ ಮಾತ್ರ. ಮೂರನೆಯದು ಊಟ ನಿಂತದ್ದು. ನಾಲ್ಕನೆಯದು ವಾಂತಿ-ಭೇದಿಯಿಂದ ನೀರು ಹೋದದ್ದು.

ಆ ಎರಡು ದಿನಗಳನ್ನು ಈ ಬೆಳಕಿನಲ್ಲಿ ನೋಡಿ. ಮೊದಲ ದಿನ ಬೆಳಿಗ್ಗೆ ಮಾತ್ರೆ ಒಳಗೆ ಹೋಯಿತು, ತಿಂಡಿ ಹೋಗಲಿಲ್ಲ. ಉಪವಾಸದಲ್ಲಿ ದೇಹ ಮೊದಲು ಬಳಸುವುದು ಲಿವರ್‌ನಲ್ಲಿ ಕೂಡಿಟ್ಟ ಗ್ಲೂಕೋಸನ್ನು. ಅದಿರುವುದೇ ಸುಮಾರು 100 ಗ್ರಾಂ, ಸಾಮಾನ್ಯವಾಗಿ ಒಂದು ದಿನಕ್ಕೆ ಸಾಲುತ್ತದೆ. ಇಲ್ಲಿ ಅದರಿಂದಲೂ ಒಂದು ಪಾಲು ಮೂತ್ರದಲ್ಲಿ ಸೋರುತ್ತಿತ್ತು, ಹಾಗಾಗಿ ಸಂಜೆಯ ಹೊತ್ತಿಗೇ ದೇಹ ಕೊಬ್ಬಿನ ಕಡೆ ತಿರುಗಿರುತ್ತದೆ. ಕಾಯಿಲೆಯ ಒತ್ತಡದಿಂದ ಅಡ್ರಿನಲಿನ್, ಕಾರ್ಟಿಸಾಲ್ ಏರಿ ಕೊಬ್ಬು ಕರಗುವುದನ್ನು ಇನ್ನೂ ಜೋರು ಮಾಡುತ್ತವೆ. ಎರಡನೇ ದಿನ ಮತ್ತೊಂದು ಮಾತ್ರೆ. ಅಷ್ಟು ಹೊತ್ತಿಗೆ ನೀರು ಕಡಿಮೆಯಾಗಿ ಕಿಡ್ನಿಗೆ ರಕ್ತ ಹರಿಯುವುದು ತಗ್ಗಿರುತ್ತದೆ, ಕೀಟೋನ್ ಹೊರಹೋಗುವುದೂ ತಗ್ಗುತ್ತದೆ. ಕೀಟೋನ್ ಏರಿದರೆ ವಾಕರಿಕೆ ಬರುತ್ತದೆ, ವಾಕರಿಕೆಯಿಂದ ಊಟ ಇನ್ನೂ ದೂರವಾಗುತ್ತದೆ, ಊಟವಿಲ್ಲದೆ ಕೀಟೋನ್ ಇನ್ನೂ ಏರುತ್ತದೆ. ಮನೆಯವರ ಕಣ್ಣಿಗೆ ಮಾತ್ರ ಇದೆಲ್ಲ ಹೊಟ್ಟೆ ಕೆಟ್ಟದ್ದರ ಮುಂದುವರಿಕೆಯಂತೆಯೇ ಕಾಣುತ್ತದೆ.

ಬೇರೆ ಮಾಡಿ ಗುರುತಿಸುವ ದಾರಿ ಇದೆ. ಭೇದಿ ನಿಂತ ಮೇಲೂ ವಾಕರಿಕೆ, ವಾಂತಿ ಮುಂದುವರಿಯುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಕೂತಲ್ಲೇ ಏಳಲಾಗದ ಸುಸ್ತು, ಉಸಿರಿಗೆ ಹಣ್ಣು ಕೊಳೆತಂಥ ವಾಸನೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಉಸಿರಾಟದ ವೇಗ. ಸುಮ್ಮನೆ ಮಲಗಿರುವಾಗ ಎದೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಹನ್ನೆರಡರಿಂದ ಇಪ್ಪತ್ತು ಸಹಜ. ಜ್ವರವಿಲ್ಲದೆ ಇಪ್ಪತ್ನಾಲ್ಕು ದಾಟಿದ್ದರೆ, ಅದರಲ್ಲೂ ಉಸಿರು ಆಳವಾಗಿದ್ದರೆ, ಕಾಯಬೇಡಿ. ನಮ್ಮಲ್ಲಿ ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಆ್ಯಸಿಡಿಟಿ ಮಾತ್ರೆ ಕೊಟ್ಟು ಒಂದು ದಿನ ಕಳೆಯುವುದು ಬಹಳ. ಹತ್ತಿರದ ಕ್ಲಿನಿಕ್‌ನಲ್ಲಿ ಒಂದು ಬಾಟಲಿ ಸಲೈನ್ ಹಾಕಿ, ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟು ಕಳಿಸಿದರೂ ಎರಡು ಗಂಟೆ ಹಗುರ ಅನ್ನಿಸುತ್ತದೆ, ಆದರೆ ಇನ್ಸುಲಿನ್ ಇಲ್ಲದೆ ಕೀಟೋನ್ ನಿಲ್ಲುವುದಿಲ್ಲ.

ಕೀಟೋನ್ ಅಳೆಯುವುದಾದರೆ ಬೆರಳಿನ ರಕ್ತದಲ್ಲೇ ಅಳೆಯಬೇಕು. ಅದಕ್ಕೆ ಬೇರೆ ಮೀಟರ್, ಬೇರೆ ಸ್ಟ್ರಿಪ್ ಬೇಕು. ಶುಗರ್ ನೋಡುವ ಸ್ಟ್ರಿಪ್ ಇದಕ್ಕೆ ಆಗುವುದಿಲ್ಲ. 0.6ರ ಕೆಳಗಿದ್ದರೆ ಸಹಜ. 0.6ರಿಂದ 1.5ರ ನಡುವೆ ಇದ್ದರೆ ಏರುತ್ತಿದೆ ಎಂದರ್ಥ, ಮಾತ್ರೆ ನಿಲ್ಲಿಸಿ, ಪಿಷ್ಟ ಮತ್ತು ನೀರು ಕೊಟ್ಟು, ವೈದ್ಯರಿಗೆ ಫೋನ್ ಮಾಡಿ, ಎರಡು ಗಂಟೆ ಬಿಟ್ಟು ಮತ್ತೆ ನೋಡಬೇಕು. 1.5 ದಾಟಿದರೆ ಆಸ್ಪತ್ರೆ. 3 ದಾಟಿದರೆ ಕೀಟೋಅಸಿಡೋಸಿಸ್ ಎಂದೇ ತಿಳಿದು ತಕ್ಷಣ ಹೊರಡಬೇಕು. ಮೂತ್ರದಲ್ಲಿ ಅದ್ದುವ ಕೀಟೋನ್ ಪಟ್ಟಿ ಅಗ್ಗವಾಗಿ ಸಿಗುತ್ತದೆ, ಆದರೆ ಅದು ಅಳೆಯುವುದು ಅಸಿಟೋಅಸಿಟೇಟ್ ಎಂಬ ಇನ್ನೊಂದು ಕೀಟೋನನ್ನು. ಕಾಯಿಲೆಯಲ್ಲಿ ಹೆಚ್ಚು ಏರುವುದು ಬೀಟಾ ಹೈಡ್ರಾಕ್ಸಿಬ್ಯುಟಿರೇಟ್. ಮೇಲಾಗಿ ಈ ಮಾತ್ರೆಗಳು ಮೂತ್ರದಲ್ಲಿ ಕೀಟೋನ್ ಹೊರಹೋಗುವುದನ್ನೇ ತಗ್ಗಿಸಬಹುದು. ಹಾಗಾಗಿ ಪಟ್ಟಿಯಲ್ಲಿ ಬಣ್ಣ ಬಂದರೆ ನಂಬಿ ಹೊರಡಿ, ಬಣ್ಣ ಬರದಿದ್ದರೆ ನಿಶ್ಚಿಂತರಾಗಬೇಡಿ.

ಚಿಕ್ಕ ಊರಿನ ಆಸ್ಪತ್ರೆಯಲ್ಲಿ ರಕ್ತದ ಕೀಟೋನ್ ಪರೀಕ್ಷೆ ಇರದಿರಬಹುದು. ಆಗ ರಕ್ತದ ಬೈಕಾರ್ಬೊನೇಟ್ ಅಥವಾ ಎಬಿಜಿ ಎಂಬ ಪರೀಕ್ಷೆಯಿಂದಲೂ ತಿಳಿಯುತ್ತದೆ. ಅಮ್ಮನ ಡಿಸ್‌ಚಾರ್ಜ್ ಸಮ್ಮರಿ ತೆಗೆದು ನೋಡಿ: ಪಿಎಚ್ 7.3ರ ಕೆಳಗೆ ಅಥವಾ ಬೈಕಾರ್ಬೊನೇಟ್ 18ರ ಕೆಳಗೆ, ಜೊತೆಗೆ ಕೀಟೋನ್ 3 ಅಥವಾ ಹೆಚ್ಚು ಎಂದಿದ್ದರೆ ರೋಗನಿರ್ಣಯ ಖಚಿತ. 2024ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಮೊದಲೇ ಡಯಾಬಿಟಿಸ್ ಇರುವವರಿಗೆ ಗ್ಲೂಕೋಸ್ ಇಷ್ಟೇ ಇರಬೇಕು ಎಂಬ ಷರತ್ತನ್ನೇ ಕೈಬಿಟ್ಟಿದ್ದಾರೆ. ಕಾರಣ ಇಂಥ ಪ್ರಕರಣಗಳೇ.

ಐಸಿಯುನಲ್ಲಿ ಇನ್ಸುಲಿನ್ ಜೊತೆಗೆ ಗ್ಲೂಕೋಸ್ ಬಾಟಲಿಯನ್ನೂ ಹಾಕಿದ್ದನ್ನು ಕಂಡು ನಿಮಗೆ ಗೊಂದಲವಾಗಿರಬಹುದು. ಶುಗರ್ ರೋಗಿಗೆ ಗ್ಲೂಕೋಸ್ ಯಾಕೆ ಎಂದು ಮನೆಯವರು ಜಗಳಕ್ಕೆ ನಿಲ್ಲುವುದೂ ಉಂಟು. ಕೀಟೋನ್ ಇಳಿಸಲು ಇನ್ಸುಲಿನ್ ಬೇಕು, ಶುಗರ್ 170 ಇರುವಾಗ ಬರೀ ಇನ್ಸುಲಿನ್ ಕೊಟ್ಟರೆ ಲೋ ಶುಗರ್ ಆಗುತ್ತದೆ. ಅದಕ್ಕೇ ಮೊದಲಿನಿಂದಲೂ ಗ್ಲೂಕೋಸ್ ಜೊತೆಗಿಡುತ್ತಾರೆ. ಮಾತ್ರೆಯ ಪರಿಣಾಮ ಕೊನೆಯ ಗುಳಿಗೆಯ ನಂತರವೂ ಹಲವು ದಿನ ಉಳಿಯುವುದರಿಂದ ಇಂಥವರ ಕೀಟೋನ್ ನಿಧಾನವಾಗಿ ಇಳಿಯುತ್ತದೆ. ಇನ್ಸುಲಿನ್ ಬೇಗ ನಿಲ್ಲಿಸಿದರೆ ಮತ್ತೆ ಏರುತ್ತದೆ.

ಅಮ್ಮನ ವಿಷಯದಲ್ಲಿ ಮುಂದೆ ಮಾಡಬೇಕಾದದ್ದು ಒಂದಿದೆ. ಚೇತರಿಸಿಕೊಂಡ ಕೆಲವು ವಾರಗಳ ನಂತರ ಸಿ-ಪೆಪ್ಟೈಡ್ ಪರೀಕ್ಷೆ ಮಾಡಿಸಲು ವೈದ್ಯರನ್ನು ಕೇಳಿ. ಸ್ವಂತ ಇನ್ಸುಲಿನ್ ಎಷ್ಟು ಉಳಿದಿದೆ ಎಂದು ಅದು ಹೇಳುತ್ತದೆ. ಜೊತೆಗೆ ಗ್ಯಾಡ್ ಆ್ಯಂಟಿಬಾಡಿ ಪರೀಕ್ಷೆಯೂ ಇರಲಿ. ತೆಳ್ಳಗಿರುವ, ಬೇಗ ಇನ್ಸುಲಿನ್ ಬೇಕಾದ ಕೆಲವರಿಗೆ ಇರುವುದು ಟೈಪ್ 2 ಆಗಿರದೆ ನಿಧಾನವಾಗಿ ಬೆಳೆದ ಟೈಪ್ 1 ಆಗಿರುತ್ತದೆ. ಹಾಗಿದ್ದರೆ ಇನ್ಸುಲಿನ್ ಜೀವನಪೂರ್ತಿ ಬೇಕು, ಅದನ್ನು ಯಾವ ಜ್ವರದಲ್ಲೂ ನಿಲ್ಲಿಸುವಂತಿಲ್ಲ.

ಆ ಎರಡು ದಿನ ಏನು ಮಾಡಬೇಕಿತ್ತು? ಇದು ಅಪ್ಪನಿಗೂ, ಈ ಮಾತ್ರೆ ನುಂಗುವ ನಿಮ್ಮ ಬಂಧುಗಳಿಗೂ ಬೇಕಾದ ವಿಷಯ. ಊಟ ಸೇರದೆ ಹೋದ, ವಾಂತಿ-ಭೇದಿಯಾದ, ಜೋರು ಜ್ವರ ಬಂದ ದಿನ ಗ್ಲಿಫ್ಲೋಜಿನ್ ಮಾತ್ರೆ ನುಂಗಬಾರದು. ಇದು ಮೊದಲ ದಿನದಿಂದಲೇ ಆಗಬೇಕು, ಶುಗರ್ ಎಷ್ಟಿದೆ ಎಂದು ನೋಡಿ ತೀರ್ಮಾನಿಸುವ ವಿಷಯವಲ್ಲ. ನಾಲ್ಕು ದಿನ ಮಾತ್ರೆ ಬಿಟ್ಟರೆ ಶುಗರ್ ಸ್ವಲ್ಪ ಏರಬಹುದು, ಅದನ್ನು ಆಮೇಲೆ ಸರಿಪಡಿಸಬಹುದು. ವಾಂತಿ-ಭೇದಿ ಇದ್ದರೆ ಮೆಟ್‌ಫಾರ್ಮಿನ್ ಕೂಡ ಆ ದಿನಗಳಿಗೆ ನಿಲ್ಲಬೇಕು. ಟೆಲ್ಮಿಸಾರ್ಟಾನ್‌ನಂಥ ಬಿ.ಪಿ. ಮಾತ್ರೆ ಮತ್ತು ಅದರ ಜೊತೆಯ ‘ಎಚ್’, ಅಂದರೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್, ನೀರು ಆರಿದ ದೇಹದಲ್ಲಿ ಕಿಡ್ನಿಗೆ ಪೆಟ್ಟು ಕೊಡಬಲ್ಲವು. ಅವನ್ನೂ ಎಷ್ಟು ದಿನ ತಡೆಯಬೇಕೆಂದು ಆರೋಗ್ಯವಾಗಿರುವಾಗಲೇ ವೈದ್ಯರಿಂದ ಬರೆಸಿಟ್ಟುಕೊಳ್ಳಿ. ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಸಾಕು. ಗ್ಲಿಮಿಪಿರೈಡ್‌ನಂಥ ಮಾತ್ರೆಯನ್ನು ಊಟವಿಲ್ಲದೆ ನುಂಗಿದರೆ ಲೋ ಶುಗರ್ ಆಗುತ್ತದೆ. ಇನ್ಸುಲಿನ್ ಮಾತ್ರ ನಿಲ್ಲಿಸುವ ಸಾಲಿಗೆ ಸೇರಿಲ್ಲ. ಅದರ ಪ್ರಮಾಣ ವೈದ್ಯರನ್ನು ಕೇಳಿ ಹೆಚ್ಚು-ಕಡಿಮೆ ಆಗಬಹುದು, ರಾತ್ರಿಯ ಇನ್ಸುಲಿನ್ ಪೂರ್ತಿ ತಪ್ಪಬಾರದು.

ಇನ್ನು ಕುಡಿಯುವುದು ಮತ್ತು ತಿನ್ನುವುದು. ಭೇದಿಗೆ ಓಆರ್‌ಎಸ್ ಸರಿಯೇ. ದೊಡ್ಡ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಕದಡಿ, ಪ್ರತಿ ಭೇದಿಗೆ ಒಂದು ಲೋಟದಂತೆ ಕೊಡಿ. ವಾಂತಿ ಇದ್ದರೆ ಎರಡು-ಮೂರು ನಿಮಿಷಕ್ಕೊಮ್ಮೆ ಎರಡು ಚಮಚ, ಹೀಗೆ ನಿಧಾನವಾಗಿ. ಆದರೆ ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಒಂದು ಲೀಟರ್ ಓಆರ್‌ಎಸ್‌ನಲ್ಲಿ ಇರುವುದು 13.5 ಗ್ರಾಂ ಗ್ಲೂಕೋಸ್ ಮಾತ್ರ. ಒಂದು ಲೋಟ ಎಳನೀರಿನಲ್ಲಿ ಸುಮಾರು ಎಂಟು-ಹತ್ತು ಗ್ರಾಂ, ನೀರು ಮಜ್ಜಿಗೆಯಲ್ಲಿ ಅದಕ್ಕಿಂತಲೂ ಕಡಿಮೆ. ನೀರಿನ ಕೊರತೆಯನ್ನು ಇವು ತುಂಬುತ್ತವೆ, ಕೀಟೋನ್ ತಡೆಯುವಷ್ಟು ಪಿಷ್ಟ ಇವುಗಳಲ್ಲಿ ಇಲ್ಲ. ಅದಕ್ಕೆ ಗಂಜಿಯೇ ಬೇಕು. 40 ಗ್ರಾಂ ಅಕ್ಕಿಯ ಗಂಜಿಯನ್ನು ತಿಳಿ ಬಸಿದು ಬಿಡದೆ ಮೆತ್ತಗೆ ಬೇಯಿಸಿ ಕೊಟ್ಟರೆ ಸುಮಾರು 30 ಗ್ರಾಂ ಪಿಷ್ಟ ಸಿಗುತ್ತದೆ. ಅಷ್ಟೇ ತೂಕದ ರಾಗಿಹಿಟ್ಟಿನ ಅಂಬಲಿಯಲ್ಲೂ ಹತ್ತಿರ ಹತ್ತಿರ ಅಷ್ಟೇ. ಎಚ್ಚರವಿರುವ ಹೊತ್ತಿನಲ್ಲಿ ಮೂರು-ನಾಲ್ಕು ಗಂಟೆಗೊಮ್ಮೆ ಇಷ್ಟು ಒಳಗೆ ಹೋಗುತ್ತಿರಬೇಕು. ಶುಗರ್ ಏರುತ್ತದೆ ಎಂದು ಗಂಜಿ ಬಿಟ್ಟು ಬರೀ ಮಜ್ಜಿಗೆ ಕುಡಿಸುವುದು ಆ ದಿನಗಳಲ್ಲಿ ಅಪಾಯವನ್ನು ಕರೆತರುತ್ತದೆ. ನಾಲ್ಕೈದು ಗಂಟೆ ಗಂಜಿ, ನೀರು ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಯಲ್ಲಿ ಪ್ರಯತ್ನ ಮುಂದುವರಿಸಬೇಡಿ, ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲ ಮಾತೇ ಹೀಗಿರಲಿ: “ಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಶುಗರ್ ನಾರ್ಮಲ್ ಇದ್ದರೂ ಕೀಟೋನ್, ಎಬಿಜಿ ನೋಡಿ.”

ಕಾಯಿಲೆ ವಾಸಿಯಾದ ಮೇಲೆ, ಒಂದೆರಡು ದಿನ ಎಂದಿನಂತೆ ಉಂಡು ಕುಡಿಯುತ್ತಿದ್ದಾರೆ ಎಂದಾದಾಗ ಮಾತ್ರ ಮಾತ್ರೆ ಮತ್ತೆ ಶುರು ಮಾಡಬಹುದು. ಅದೇ ಕಾರಣಕ್ಕೆ ದೊಡ್ಡ ಆಪರೇಷನ್‌ಗೆ ಕನಿಷ್ಠ ಮೂರು ದಿನ ಮೊದಲೇ ಇದನ್ನು ನಿಲ್ಲಿಸಬೇಕೆಂಬ ನಿಯಮವಿದೆ. ನಿರ್ಜಲ ಏಕಾದಶಿ, ರಂಜಾನ್ ಉಪವಾಸ ಹಿಡಿಯುವವರು ಮೊದಲೇ ವೈದ್ಯರ ಜೊತೆ ಮಾತಾಡಬೇಕು. ಅನ್ನ, ಮುದ್ದೆ ಪೂರ್ತಿ ಬಿಟ್ಟು ಮೊಟ್ಟೆ-ಮಾಂಸದಲ್ಲೇ ಇರುವ ಕೀಟೋ ಡಯಟ್‌ ಅನ್ನು ಈ ಮಾತ್ರೆಯ ಜೊತೆ ಎಂದೂ ಮಾಡಬಾರದು. ಮಿತಿಮೀರಿದ ಕುಡಿತವೂ ಹಾಗೆಯೇ.

ಈಗ ತುರಿಕೆ. ಅಮ್ಮ ಮಾತ್ರೆ ಬಿಟ್ಟಿರುವುದರಿಂದ ಅದು ತಾನಾಗಿ ಕಡಿಮೆಯಾಗಬೇಕು, ಆದರೂ ಹೇಳಬೇಕಾದದ್ದಿದೆ. ಮೂತ್ರದಲ್ಲಿ ಗ್ಲೂಕೋಸ್ ಇದ್ದಾಗ ಕೆಳಗಿನ ಚರ್ಮದ ಮಡಿಕೆಗಳಲ್ಲಿ ಕ್ಯಾಂಡಿಡಾ ಎಂಬ ಫಂಗಸ್ ಸುಲಭವಾಗಿ ಬೆಳೆಯುತ್ತದೆ. ಈ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಇದು ಬರುತ್ತದೆ, ಗಂಡಸರಲ್ಲಿ ಅದಕ್ಕಿಂತ ಕಡಿಮೆ. ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಕಾಣಿಸುತ್ತದೆ. ಹೆಂಗಸರಲ್ಲಿ ತುರಿಕೆ, ಉರಿ, ಮೊಸರು ಒಡೆದಂತೆ ಬಿಳಿ ಹೋಗುವುದು. ಗಂಡಸರಲ್ಲಿ ಮುಂದೊಗಲಿನ ಒಳಗೆ ಕೆಂಪಗಾಗಿ ಬಿಳಿ ಪದರ ಕಟ್ಟುವುದು, ಚರ್ಮ ಸಣ್ಣಗೆ ಸೀಳುವುದು, ಕೊನೆಗೆ ಹಿಂದೆ ಸರಿಯದಷ್ಟು ಬಿಗಿಯುವುದು. ಮೂತ್ರ ಹೋಗುವಾಗ ಹೊರಗಿನ ಚರ್ಮಕ್ಕೆ ತಾಗಿದಲ್ಲಿ ಉರಿದರೆ ಅದು ಫಂಗಸ್‌ನ ಉರಿ. ಒಳಗಿನಿಂದ ಉರಿ, ಮತ್ತೆ ಮತ್ತೆ ಅವಸರ, ಕಿಬ್ಬೊಟ್ಟೆ ನೋವು, ಜ್ವರ ಇದ್ದರೆ ಮೂತ್ರದ ಸೋಂಕು. ಈ ಎರಡನ್ನು ಬೆರೆಸಿಕೊಂಡು ಆ್ಯಂಟಿಬಯೋಟಿಕ್ ನುಂಗಿದರೆ ಫಂಗಸ್ ಇನ್ನೂ ಜೋರಾಗುತ್ತದೆ.

ನನಗೆ ಬೇಸರವಾಗುವುದು ಮೆಡಿಕಲ್ ಶಾಪಿನ ಆ ಕ್ರೀಮ್ ಬಗ್ಗೆ. ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್ ಅಥವಾ ಬೀಟಾಮೆಥಾಸೋನ್ ಎಂದಿದೆಯೇ ನೋಡಿ. ಇವು ಸ್ಟೀರಾಯ್ಡ್. ಎರಡು ದಿನದಲ್ಲಿ ತುರಿಕೆ ಮಾಯವಾಗಿ ಹಾಯೆನಿಸುತ್ತದೆ, ಫಂಗಸ್ ಮಾತ್ರ ಒಳಗೊಳಗೇ ಹರಡುತ್ತದೆ, ಚರ್ಮ ತೆಳುವಾಗುತ್ತದೆ. ಅಮ್ಮನಿಗೆ ಎರಡನೇ ಸಲ ಬಂದದ್ದಕ್ಕೆ ಇದೂ ಕಾರಣವಿರಬಹುದು. ಬೇಕಾದದ್ದು ಬೇರೇನೂ ಬೆರೆಸದ 1% ಕ್ಲೋಟ್ರಿಮಜೋಲ್, ದಿನಕ್ಕೆ ಎರಡು ಸಲ, ತುರಿಕೆ ನಿಂತ ಮೇಲೂ ಒಟ್ಟು ಎರಡು ವಾರದ ತನಕ. ಹೆಂಗಸರಿಗೆ ಒಳಗೆ ಇಡುವ ಕ್ಲೋಟ್ರಿಮಜೋಲ್ 500 ಮಿ.ಗ್ರಾಂ ಗುಳಿಗೆ ಒಂದು ರಾತ್ರಿಗೆ. ಇದಕ್ಕೆ ಬದಲಾಗಿ ವೈದ್ಯರು ಫ್ಲುಕೊನಜೋಲ್ 150 ಮಿ.ಗ್ರಾಂ ಒಂದು ಗುಳಿಗೆ ಬಾಯಿಯಿಂದ ಕೊಡಬಹುದು. ಅದನ್ನು ಅಂಗಡಿಯಿಂದ ಕೇಳಿ ತರಬೇಡಿ: ಗ್ಲಿಮಿಪಿರೈಡ್ ನುಂಗುವವರಲ್ಲಿ ಅದು ಲೋ ಶುಗರ್ ತರಿಸಬಲ್ಲದು, ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ರಕ್ತಸ್ರಾವ ಮಾಡಿಸಬಲ್ಲದು.

ತಡೆಯುವುದು ಸರಳ. ಪ್ರತಿ ಸಲ ಮೂತ್ರ ಮಾಡಿದ ಮೇಲೆ ಬರೀ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಒಣಗಿಸುವುದನ್ನೇ ಹೆಚ್ಚಿನವರು ಬಿಡುತ್ತಾರೆ. ಗಂಡಸರು ಮುಂದೊಗಲು ಹಿಂದೆ ಸರಿಸಿ ತೊಳೆಯಬೇಕು. ಸೋಪು, ಆ್ಯಂಟಿಸೆಪ್ಟಿಕ್ ದ್ರಾವಣ ಹಾಕಿ ಉಜ್ಜಿದರೆ ಚರ್ಮ ಇನ್ನೂ ಕೆಡುತ್ತದೆ. ಒದ್ದೆಯಾದ ಒಳಉಡುಪು ಬದಲಿಸಿ, ಹತ್ತಿಯದನ್ನೇ ಹಾಕಿಕೊಳ್ಳಿ. ಮೊದಲ ಸಲ ಬಂದ ಸೋಂಕಿಗೆ ಗ್ಲಿಫ್ಲೋಜಿನ್ ನಿಲ್ಲಿಸಬೇಕಿಲ್ಲ. ಮೇಲಿಂದ ಮೇಲೆ ಬರುತ್ತಿದ್ದರೆ ಬದಲಿ ಔಷಧಿ ಕೇಳುವುದು ನ್ಯಾಯ. ನಾಚಿಕೆಯಿಂದ ಹೇಳದೆ ತಾವಾಗಿ ಮಾತ್ರೆ ಬಿಡುವವರು, ಇಲ್ಲವೇ ಸಹಿಸಿಕೊಂಡು ಕೂರುವವರು ಬಹಳ. ಅಮ್ಮಂದಿರ ಪರವಾಗಿ ಮಗಳೋ ಸೊಸೆಯೋ ವೈದ್ಯರ ಮುಂದೆ ಹೇಳಿದರೂ ಸಾಕು.

ಒಂದು ಅಪರೂಪದ, ಆದರೆ ಒಂದೇ ದಿನದಲ್ಲಿ ಜೀವ ತೆಗೆಯಬಲ್ಲ ಸೋಂಕಿದೆ. ಜನನಾಂಗ ಮತ್ತು ಗುದದ ನಡುವಿನ ಜಾಗದಲ್ಲಿ ತಡೆಯಲಾರದ ನೋವು, ಊತ, ಕೆಂಪು ಅಥವಾ ಕಪ್ಪು ಬಣ್ಣ, ಜೊತೆಗೆ ಜ್ವರ ಮತ್ತು ತೀವ್ರ ಸುಸ್ತು. ಇದು ಫೋರ್ನಿಯರ್ ಗ್ಯಾಂಗ್ರೀನ್, 2018ರಲ್ಲಿ ಎಫ್‌ಡಿಎ ಈ ಬಗ್ಗೆಯೂ ಎಚ್ಚರಿಸಿತು. ಇದಕ್ಕೆ ಕ್ರೀಮ್ ಇಲ್ಲ. ಅದೇ ಗಂಟೆಯಲ್ಲಿ ಸರ್ಜನ್ ಇರುವ ಆಸ್ಪತ್ರೆಗೆ ಹೋಗಬೇಕು.

ಕೊನೆಗೆ ಅಪ್ಪ. ಪಂಪಿಂಗ್ ಕಡಿಮೆಯಿರುವವರು ಮತ್ತೆ ಆಸ್ಪತ್ರೆ ಸೇರುವುದನ್ನು ಡಾಪಾಗ್ಲಿಫ್ಲೋಜಿನ್ ತಗ್ಗಿಸುತ್ತದೆ, ಶುಗರ್ ಇಲ್ಲದವರಲ್ಲೂ. 2019ರ ಡಾಪಾ-ಎಚ್‌ಎಫ್ ಅಧ್ಯಯನದಲ್ಲಿ ಇದು ಸ್ಪಷ್ಟವಾಯಿತು. ಅವರಿಗೆ ಇರುವ ಅಪಾಯ ನೀರು ಆರುವುದು. ಹೃದಯಕ್ಕೆಂದು ಮೂತ್ರ ಹೆಚ್ಚಿಸುವ ಫ್ಯೂರೊಸಮೈಡ್ ಅಥವಾ ಟಾರ್ಸೆಮೈಡ್ ಕೂಡ ಇದ್ದರೆ ಎರಡೂ ಸೇರಿ ನೀರು, ಉಪ್ಪು ಎಳೆಯುತ್ತವೆ. ಹಾಸಿಗೆಯಿಂದ ಏಳುವಾಗ ತಲೆ ಸುತ್ತುವುದು, ಬಾಯಿ ಒಣಗುವುದು, ಮೂತ್ರ ಗಾಢ ಹಳದಿಯಾಗುವುದು, ಎರಡೇ ದಿನದಲ್ಲಿ ತೂಕ ಒಂದೂವರೆ-ಎರಡು ಕೆ.ಜಿ. ಇಳಿಯುವುದು ಕಂಡರೆ ವೈದ್ಯರಿಗೆ ತಿಳಿಸಿ. ಮನೆಯಲ್ಲಿ ಬಿ.ಪಿ. ಮಿಷನ್ ಇದ್ದರೆ ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಒಮ್ಮೆ ನೋಡಿ. ಮೇಲಿನ ಸಂಖ್ಯೆ 20ಕ್ಕಿಂತ ಹೆಚ್ಚು ಇಳಿದಿದ್ದರೆ ಡೋಸ್ ಬದಲಾಗಬೇಕಾಗಬಹುದು, ಹೆಚ್ಚಾಗಿ ಬದಲಾಗುವುದು ಟಾರ್ಸೆಮೈಡ್‌ನ ಡೋಸ್. ರಾತ್ರಿ ಏಳಬೇಕಾಗುತ್ತದೆ ಎಂದು ನೀರು ಕಡಿಮೆ ಕುಡಿಯುವ ಅಭ್ಯಾಸವಿದ್ದರೆ ಬಿಡಿಸಿ, ಮಾತ್ರೆಯನ್ನು ಬೆಳಿಗ್ಗೆ ಕೊಡಿ. ಆದರೆ ಹೃದಯ ವೈದ್ಯರು ದಿನಕ್ಕೆ ಇಷ್ಟೇ ನೀರು ಎಂದು ಮಿತಿ ಹಾಕಿದ್ದರೆ ಅದನ್ನು ಮೀರಬೇಡಿ. ವಾಂತಿ-ಭೇದಿಯ ದಿನ ಎಷ್ಟು ಹೆಚ್ಚಿಗೆ ಕುಡಿಸಬಹುದು, ಟಾರ್ಸೆಮೈಡ್ ತಡೆಯಬೇಕೇ ಎಂಬುದನ್ನು ಮುಂದಿನ ಭೇಟಿಯಲ್ಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಶುರುವಾದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರಿದರೆ ಅದು ನಿರೀಕ್ಷಿತ, ಅಷ್ಟಕ್ಕೇ ಮಾತ್ರೆ ಬಿಡಬೇಕಿಲ್ಲ.

ಮನೆಯಲ್ಲಿ ಉಳಿದಿರುವ ಅಮ್ಮನ ಮಾತ್ರೆಯ ಸ್ಟ್ರಿಪ್‌ಗಳನ್ನು ಇವತ್ತೇ ಬೇರೆ ಮಾಡಿ. ಡಾಪಾಗ್ಲಿಫ್ಲೋಜಿನ್ ಈಗ ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಜೊತೆ ಸೇರಿ ಒಂದೇ ಗುಳಿಗೆಯಾಗಿಯೂ, ಹತ್ತಾರು ಬ್ರ್ಯಾಂಡ್ ಹೆಸರಿನಲ್ಲಿಯೂ ಬರುತ್ತಿದೆ. ಹಾಗಾಗಿ ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರನ್ನು ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿ gliflozin ಎಂದು ಮುಗಿಯುವ ಹೆಸರಿದೆಯೇ ಎಂದು ಪ್ರತಿಯೊಂದರಲ್ಲೂ ಹುಡುಕಿ. ಅಮ್ಮನ ಚೀಟಿಯ ಮೇಲ್ಭಾಗದಲ್ಲಿ, ಔಷಧಿ ಅಲರ್ಜಿ ಬರೆಯುವ ಜಾಗದಲ್ಲಿ, “ಗ್ಲಿಫ್ಲೋಜಿನ್‌ನಿಂದ ಕೀಟೋಅಸಿಡೋಸಿಸ್ ಆಗಿದೆ, ಕೊಡಬಾರದು” ಎಂದು ವೈದ್ಯರಿಂದ ಬರೆಸಿ. ಅಪ್ಪನ ಡಬ್ಬಿಯಿಂದ ತಪ್ಪಿ ಒಂದು ಗುಳಿಗೆ ಅಮ್ಮನ ಕೈಗೆ ಹೋಗದಂತೆ ಎರಡು ಡಬ್ಬಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಡಿ.